ಮಡಿಸಿದ ಕೊಳವೆಯ ಬಿಸಿ

“ಯಾಕ ಏರವಲ್ದು ಇದು?”

ಗದಿಗೆಪ್ಪ ಕೇಳಿದ್ದು ಯಾರನ್ನೂ ಅಲ್ಲ. ಪರೇಲಿನ ಆ ಬಟ್ಟೆ ಗಿರಣಿಯ ಬಣ್ಣ ಹಾಕುವ ಖಾತೆಯಲ್ಲಿ, ನೀರು ಕಾಯಿಸುವ ಹೊಸ ಎಕ್ಸ್‌ಚೇಂಜರ್‌ನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು, ಅದರ ಮೇಲಿನ ಥರ್ಮಾಮೀಟರನ್ನು ನೋಡುತ್ತ ಕೇಳಿದ್ದು. ಪಾದರಸ ನೂರಾ ನಲವತ್ತೆಂಟು ಡಿಗ್ರಿ ಫ್ಯಾರನ್‌ಹೀಟಿಗೆ ಬಂದು ನಿಂತಿತ್ತು. ನೂರಾ ಅರವತ್ತಕ್ಕೆ ಹೋಗಬೇಕಿತ್ತು.

ಅವನ ಹೆಂಡತಿಯ ತಮ್ಮ ಶಿವಪುತ್ರಪ್ಪ ಹತ್ತಿರದಲ್ಲೇ ನಿಂತಿದ್ದ. ಆ ಯಂತ್ರವನ್ನು ಮಾಡಿಕೊಟ್ಟ ಕುರ್ಲಾದ ವರ್ಕ್‌ಶಾಪಿನಲ್ಲಿ ಲೆಕ್ಕ ಹಾಕುವ ಇಂಜಿನಿಯರ್ ಅವನೇ. ಮಾಮನ ಪ್ರಶ್ನೆ ತನಗಲ್ಲ ಎಂದು ಗೊತ್ತಿದ್ದರೂ ಉತ್ತರ ಕೊಡಬೇಕಾದವನು ತಾನೇ ಎಂದು ಅವನಿಗೆ ಅನಿಸಿತು.

ಗದಿಗೆಪ್ಪ ಗಿರಣಿಯಲ್ಲಿ ಬದ್ಲಿ ಕೆಲಸಗಾರ. ಕಾಯಂ ನೌಕರ ಬರದ ದಿನ ಮಾತ್ರ ಅವನಿಗೆ ಕೆಲಸ. ಉಳಿದ ದಿನ ಬೆಳಿಗ್ಗೆ ಗೇಟಿನ ಮುಂದೆ ನಿಂತು, ಆಳುಗಳನ್ನು ಆರಿಸುವ ಜಾಬರ್ ಇಲ್ಲವೆಂದು ಕೈ ಅಲ್ಲಾಡಿಸಿದರೆ ಚಾಳಿಗೆ ವಾಪಸ್ಸು. ಹೀಗೇ ವರ್ಷಗಳು ಹೋಗಿದ್ದವು. ಈಗ ಬಣ್ಣದ ತೊಟ್ಟಿಗಳ ಮೂರನೇ ಸಾಲು ಶುರುವಾದರೆ ಗದಿಗೆಪ್ಪನನ್ನೂ ಅವನ ಜೊತೆಯವರನ್ನೂ ಕಾಯಂ ಮಾಡುವುದಾಗಿ ಗಿರಣಿ ಮಾತು ಕೊಟ್ಟಿತ್ತು. ಆದರೆ ಹಳೇ ಬಾಯ್ಲರ್‌ಗೆ ಮೂರನೇ ಸಾಲಿನ ನೀರು ಕಾಯಿಸುವ ಶಕ್ತಿ ಇಲ್ಲ. ಅದಕ್ಕೇ ಈ ಎಕ್ಸ್‌ಚೇಂಜರ್. ತೊಟ್ಟಿಗಳಿಂದ ಚರಂಡಿಗೆ ಹೋಗುವ ಇನ್ನೂರು ಡಿಗ್ರಿಯ ಕೊಳೆನೀರು ಕೊಳವೆಗಳೊಳಗೆ ಹರಿಯುತ್ತದೆ; ಕೊಳವೆಗಳ ಸುತ್ತ ತೊಂಬತ್ತು ಡಿಗ್ರಿಯ ಹೊಸ ನೀರು ಹರಿದು ಅದರ ಬಿಸಿ ತೆಗೆದುಕೊಳ್ಳುತ್ತದೆ. ಹೊಸ ನೀರು ನೂರಾ ಅರವತ್ತಕ್ಕೆ ಬಂದರೆ ಉಳಿದದ್ದನ್ನು ಬಾಯ್ಲರ್ ನೋಡಿಕೊಳ್ಳುತ್ತದೆ. ಬರದಿದ್ದರೆ ಮೂರನೇ ಸಾಲು ಇಲ್ಲ. ಕಾಯಂ ಎಂಬ ಮಾತೂ ಇಲ್ಲ.

ಪ್ರತಿ ಸೋಮವಾರ ಸಂಜೆ ಚಾಳಿನ ಗ್ಯಾಲರಿಯಲ್ಲಿ ಗದಿಗೆಪ್ಪ ಪುರಾಣ ಓದುತ್ತಿದ್ದ. ವಿಜಯಪುರದ ಕಡೆಯ ಹತ್ತಾರು ಮಂದಿ ಚಾಪೆ ಹಾಸಿಕೊಂಡು ಕೇಳುತ್ತಿದ್ದರು. ಅವನು ಒಂದು ಸಾಲು ಹಾಡಿದರೆ ಹೆಂಡತಿ ಬಸಲಿಂಗವ್ವ ಒಳಗೆ ರೊಟ್ಟಿ ಬಡಿಯುತ್ತಲೇ ಅದರ ಕೊನೆಯ ಮಾತನ್ನು ಹಿಡಿದು ಹೇಳುತ್ತಿದ್ದಳು. ಈಚಿನ ಒಂದು ಸೋಮವಾರ ಓದು ಮುಗಿದ ಮೇಲೆ, ಮಂಗಳಾರತಿಯ ತಟ್ಟೆ ಹಿಡಿದುಕೊಂಡೇ ಅವಳು ತಮ್ಮನನ್ನು ಕೇಳಿದ್ದಳು: “ನಿನ್ನ ಹಂಡೇವು ಯಾವಾಗ ಕಾಯ್ತದೋ?”

“ಹಂಡೇವಲ್ಲ ಅಕ್ಕಾ.”

“ನೀರ ಕಾಸೂದು ಹಂಡೇವ. ನೀ ಇಂಗ್ಲೀಷಿನಾಗ ಏನರೆ ಅನ್ನು.”

ಎಲ್ಲರೂ ನಕ್ಕಿದ್ದರು. ಗದಿಗೆಪ್ಪನೂ ನಕ್ಕಿದ್ದ. ಆ ನಗುವಿನಲ್ಲಿದ್ದ ನೆಚ್ಚಿಕೆ ಶಿವಪುತ್ರಪ್ಪನ ಎದೆಯಲ್ಲಿ ಕುಳಿತುಬಿಟ್ಟಿತ್ತು.

ಗಿರಣಿಯ ಇಂಜಿನಿಯರ್ ಸದಾನಂದ ಉಡುಪಿಯ ಕಡೆಯವರು. ಮೊದಲು ಅವರ ಸಂಶಯ ಕೊಳೆನೀರಿನಲ್ಲಿ ಬರುವ ನೂಲಿನ ತುಪ್ಪಳದ ಮೇಲೆ ಬಿತ್ತು. “ಕೊಳವೆ ಒಳಗೆ ಕೊಳೆ ಕೂತಿದೆ ಮಾರಾಯ್ರೆ, ಇನ್ನೆಂತ ಅಲ್ಲ,” ಎಂದರು. ಬ್ರಷ್ ಹಾಕಿ ಒಂದೊಂದೇ ಕೊಳವೆ ತಿಕ್ಕಿಸಿದರು. ಪಾದರಸ ನೂರಾ ನಲವತ್ತಾರರಿಂದ ನಲವತ್ತೆಂಟಕ್ಕೆ ಬಂತು. ಅಲ್ಲಿಗೆ ನಿಂತಿತು. ಆಮೇಲೆ ಎರಡೂ ನೀರನ್ನು ಅರ್ಧಕ್ಕೆ ಇಳಿಸಿ, ನಿಧಾನ ಹರಿಸಿ ನೋಡಿದರು. ನೂರಾ ಐವತ್ತರ ಗೆರೆಯ ಕೆಳಗೇ ಪಾದರಸ ನಡುಗಿತು. ಗೆರೆ ದಾಟಲಿಲ್ಲ.

ಅವತ್ತೇ ಶಿವಪುತ್ರಪ್ಪನಿಗೆ ಹೆದರಿಕೆಯಾಯಿತು. ಬಿಸಿ ಕಡಿಮೆ ಬಂದರೆ ಅದು ಕೊರತೆ. ಏನು ಮಾಡಿದರೂ ಒಂದೇ ಕಡೆ ಬಂದು ನಿಂತರೆ ಅದು ಎಲ್ಲೆ.

ಮಾಟುಂಗಾದ ಕಾಲೇಜಿನ ಗ್ರಂಥಾಲಯಕ್ಕೆ ಹೋಗಿ ಅಮೆರಿಕದ ದಪ್ಪ ಪುಸ್ತಕವೊಂದನ್ನು ತೆಗೆಸಿದ. ವಿದ್ಯಾರ್ಥಿಯಾಗಿದ್ದಾಗ ನೋಡಿ ಮರೆತಿದ್ದ, ಮಡಿಸಿದ ಕೊಳವೆಗೆ ಎಷ್ಟು ಬಿಸಿ ದಕ್ಕುತ್ತದೆಂದು ತೋರಿಸುವ ನಕ್ಷೆ ಅಲ್ಲಿತ್ತು. ಅಡ್ಡಡ್ಡ ಹೊರಟ ಗೆರೆಗಳು ಸ್ವಲ್ಪ ದೂರ ಸಮನಾಗಿ ನಡೆದು, ಆಮೇಲೆ ಬಾವಿಗೆ ಬಿದ್ದ ಹಾಗೆ ನೆಟ್ಟಗೆ ಕೆಳಗೆ. ತಮ್ಮ ಯಂತ್ರದ ಅಂಕಿ ಹಿಡಿದು ಬೆರಳಿಟ್ಟರೆ ಬೆರಳು ಗೆರೆ ಬಿದ್ದುಹೋದ ಜಾಗವನ್ನೂ ದಾಟಿ ಬರಿಯ ಬಿಳಿ ಕಾಗದದ ಮೇಲೆ ನಿಂತಿತು. ಅಲ್ಲಿ ಏನೂ ಇರಲಿಲ್ಲ.

ಮರುದಿನ ಕುರ್ಲಾದಲ್ಲಿ ವರ್ಕ್‌ಶಾಪಿನ ಮಾಲೀಕ ಈರಣ್ಣನವರ ಮುಂದೆ ನಿಂತ.

“ಮೊದಲಿನ ಡ್ರಾಯಿಂಗಿನಾಗ ಅದು ಉದ್ದಂದು ಇತ್ತರಿ. ಕೊಳೆನೀರು ಒಂದ ಕಡೆಯಿಂದ, ಹೊಸ ನೀರು ಎದುರ ಕಡೆಯಿಂದ. ನಮ್ಮ ಲೆಕ್ಕ ಅದಕ್ಕ ಸರಿ ಇತ್ತು. ಒಂದ ತುದಿಗೆ ಎರಡೂ ನೀರಿನ ಅಂತರ ನಲವತ್ತು, ಇನ್ನೊಂದ ತುದಿಗೆ ಮೂವತ್ತು. ಲಾಗ್ ಸರಾಸರಿ ಮೂವತ್ತೈದು.”

“ಹೌದಲ್ಲ. ಮತ್ತ?”

“ಗಿರಣ್ಯಾಗ ಗೋಡೆ ಅಡ್ಡ ಬಂತು ಅಂತ ನೀವು ಅದನ್ನ ಮಡಚಿದ್ರಿ. ಕೊಳೆನೀರು ಹೋಗಿ ಅಲ್ಲೇ ತಿರುಗಿ ಬರೂಹಂಗ. ಕೊಳವೆ ಅಷ್ಟ, ಮೈ ಅಷ್ಟ, ಸರಾಸರಿನೂ ಅಷ್ಟ ಅಂತ ಇಟ್ವಿ. ನಾನೂ ಸಹಿ ಹಾಕ್ದೆ.”

ಈರಣ್ಣನವರು ಕನ್ನಡಕ ಹಣೆಗೇರಿಸಿದರು. “ಏನಪಾ ಶಿವಪುತ್ರಪ್ಪ, ಸಕ್ಕರಿ ಕಾರ್ಖಾನಿಗೆ ಎಷ್ಟ ಹೀಟರ್ ಮಡಚಿ ಕೊಟ್ಟೀವಿ. ಎರಡ ಮಡಿಕಿ, ನಾಕ ಮಡಿಕಿ. ಒಂದರೆ ತಕರಾರ ಬಂತೇನ?”

“ಅಲ್ಲೆ ಉಗಿ ಇತ್ತರಿ. ಉಗಿ ನೀರಾಗೂಮುಂದ ಅದರ ಡಿಗ್ರಿ ಇಳಿಯೂದಿಲ್ಲ. ಆ ತುದಿಗೂ ಅಷ್ಟ, ಈ ತುದಿಗೂ ಅಷ್ಟ. ಕಬ್ಬಿನ ರಸ ಯಾವ ಕಡೆ ಹೊಂಟ್ರೂ ಅದಕ್ಕ ಸಿಗೂದು ಅದ ಉಗಿ. ಮಡಚಿದ್ರೂ ಫರಕ್ ಬೀಳೂದಿಲ್ಲ. ಇಲ್ಲಿ ಎರಡೂ ನೀರು. ಒಂದು ಇಳೀತದ, ಒಂದು ಏರ್ತದ. ಮಡಚಿದ್ರ ಹೋಗೂ ಕೊಳವೆ ಹೊಸ ನೀರಿಗೆ ಎದುರ, ಬರೂ ಕೊಳವೆ ಅದರ ಜೋಡಿ. ಆ ಸರಾಸರಿಗೆ ಕರೆಕ್ಷನ್ ಫ್ಯಾಕ್ಟರ್ ಅಂತ ಒಂದಕ್ಕಿಂತ ಸಣ್ಣ ಅಂಕಿಲೆ ಗುಣಿಸಬೇಕ್ರಿ.”

“ಗುಣಿಸು. ಹತ್ತು ಕೊಳವೆ ಹೆಚ್ಚ ಹಾಕು. ಪ್ಲೇಟಿನ ಅಂಚಿಗೆ ಬೂಚು ಹೊಡದ ತೂತ ಅದಾವಲ್ಲ.”

“ನಾವು ನೂರಾ ಮೂವತ್ತು ಕೇಳಿದ್ರ ಆ ಫ್ಯಾಕ್ಟರ್ ದಶಾಂಶ ಒಂಬತ್ತರ ಮ್ಯಾಲ ಇರ್ತಿತ್ತರಿ. ಆಗ ಹತ್ತು ಕೊಳವೆ ಸಾಕಿತ್ತು. ನಾವು ಕೇಳಿದ್ದು ನೂರಾ ಅರವತ್ತು. ಕೊಳೆನೀರು ನೂರಾ ಇಪ್ಪತ್ತಕ್ಕ ಇಳೀಬೇಕು, ಹೊಸ ನೀರು ಅದರಕಿಂತ ನಲವತ್ತು ಮ್ಯಾಲೇರಬೇಕು. ಒಂದ ಮಡಿಕಿಯೊಳಗ ಅದು ಆಗೂದಿಲ್ಲ. ಅದಕ್ಕ ಫ್ಯಾಕ್ಟರೇ ಇಲ್ಲ. ಸಾವಿರ ಕೊಳವೆ ಹಾಕಿದ್ರೂ ನೂರಾ ಐವತ್ತು.”

ಈರಣ್ಣನವರು ಬಾಗಿಲ ಕಡೆ ತಿರುಗಿದರು. ಹೊರಗೆ ಯಾರೋ ತಗಡು ಬಡಿಯುತ್ತಿದ್ದರು.

“ದಾರಿ?”

“ಕೊಳವೆ ತುಂಬಿದ ಎರಡು ಗಿಡ್ಡ ಶೆಲ್. ಒಂದರ ಮ್ಯಾಲೊಂದು. ಎರಡರಾಗೂ ನೀರು ಎದುರಾಬದುರಾ. ಅದ ಜಾಗಾದಾಗ ಕೂಡ್ತದ.”

“ಎರಡನೇ ಶೆಲ್ಲಿಗೆ ಉಕ್ಕಿನ ಪ್ಲೇಟು ನಿಮ್ಮಪ್ಪ ಕೊಡ್ತಾನೇನ? ಸರಕಾರದ ಪರ್ಮಿಟ್ಟಿಗೆ ಅರ್ಜಿ ಹಾಕಿದ್ರ ಮುಂದಿನ ವರ್ಷ. ಸಿಕ್ಕರ. ಹಿತ್ತಾಳಿ ಕೊಳವೆ ಅಂದ್ರ ನಾಳೇನ ಬಜಾರದಾಗ ಸಿಗ್ತಾವ.” ಕನ್ನಡಕ ಇಳಿಸಿಕೊಂಡರು. “ಸಿಗೂದನ್ನ ಹೇಳು.”

ಶಿವಪುತ್ರಪ್ಪ ಮತ್ತೆ ಗಿರಣಿಗೆ ಬಂದು ಸದಾನಂದರಿಗೂ ಎಲ್ಲವನ್ನೂ ಹೇಳಿದ. ಅವರು ಜಗಳ ಆಡಲಿಲ್ಲ. ಸೀಮೆಸುಣ್ಣದಲ್ಲಿ ಅವನು ನೆಲದ ಮೇಲೆ ಬರೆದದ್ದನ್ನು ಬಗ್ಗಿ ನೋಡಿದರು.

“ನೀರನ್ನು ತಿರುಗಿಸುವ ನಡುವಿನ ತಡೆ ತೆಗೆದು ಕೊಳೆನೀರನ್ನು ಒಂದೇ ದಿಕ್ಕಿಗೆ ಬಿಟ್ಟರೆ? ಮಡಿಕೆಯೇ ಇಲ್ಲವಲ್ಲ?”

“ಬಿಡಬಹುದು ಸರ್. ಆದರೆ ಎಲ್ಲಾ ಕೊಳವೆಗೂ ಒಮ್ಮೆಲೇ ಹಂಚಿಹೋಗಿ ನೀರಿನ ವೇಗ ಅರ್ಧ ಆಗ್ತದ. ಬಿಸಿ ದಾಟೂದು ಕಡಿಮಿ, ಮತ್ತ ತುಪ್ಪಳ ಕೂತು ವಾರದಾಗ ಕೊಳವೆ ಕಟ್ಟಿಕೊಳ್ತಾವ.”

“ಅಂದರೆ ಅದೂ ಇಲ್ಲ.” ಸದಾನಂದ ಎದ್ದು ಕೈ ಒರೆಸಿಕೊಂಡರು. “ನನಗೆ ಅರ್ಥ ಆಯ್ತು ಮಾರಾಯ್ರೆ. ಮೇಲಿನವರಿಗೆ ಅರ್ಥ ಮಾಡಿಸುವುದು ನನ್ನಿಂದ ಆಗದು. ಅವರಿಗೆ ಬೇಕಾದ್ದು ನಿಮ್ಮ ಕಂಪನಿಯ ಒಂದು ಸಾಲು. ಕೊಳವೆ ಹೆಚ್ಚಿಸಿದರೆ ನೂರ ಅರವತ್ತು ಬರ್ತದಾ, ಇಲ್ಲವಾ. ಬರ್ತದೆ ಅಂತಾದರೆ ಕೊಳವೆ ತರಿಸ್ತಾರೆ, ಆ ಟ್ರಯಲ್ ಮುಗಿಯುವವರೆಗೆ ಈ ಬದ್ಲಿಯವರನ್ನು ಇಟ್ಟುಕೊಳ್ತಾರೆ. ಇಲ್ಲ ಅಂತಾದರೆ ಇವತ್ತೇ ಮೂರನೇ ಸಾಲು ಬಂದ್.” ಗದಿಗೆಪ್ಪ ಅಲ್ಲೇ ಇದ್ದುದನ್ನು ನೋಡಿ ದನಿ ತಗ್ಗಿಸಿದರು. “ನಾನು ಚಾ ಕುಡಿದು ಬರ್ತೇನೆ. ಬರೆದಿಡಿ.”

ಪಾಳಿ ಬದಲಾಗುವ ಹೊತ್ತು. ಗಿರಣಿಯ ಭೋಂಗಾ ಕೂಗಿ ನಿಂತಿತು. ಒಂದು ಪಾಳಿಯವರು ಹೊರಗೆ, ಇನ್ನೊಂದು ಪಾಳಿಯವರು ಒಳಗೆ. ಗದಿಗೆಪ್ಪ ಎರಡರಲ್ಲೂ ಇಲ್ಲದವನಂತೆ ನಿಂತಿದ್ದ.

“ತಮ್ಮಾ, ನನಗ ತಿಳಿಯೂಹಂಗ ಹೇಳು. ಎಲ್ಲಿ ಹೋಗ್ತದ ಆ ಬಿಸಿ?”

ಶಿವಪುತ್ರಪ್ಪ ಅವನ ಕೈ ಹಿಡಿದು ಎಕ್ಸ್‌ಚೇಂಜರ್‌ನ ಮುಂಭಾಗಕ್ಕೆ ಕರೆದುಕೊಂಡು ಬಂದ. “ಈ ಪೈಪು ಮುಟ್ಟು. ಕಾದ ಹೊಸ ನೀರು ಹೊರಗ ಬರೂದು ಇಲ್ಲಿ. ಈಗ ಇದನ್ನ ಮುಟ್ಟು. ತಿರುಗಿ ಬಂದ ಕೊಳೆನೀರು ಚರಂಡಿಗೆ ಹೋಗೂದು ಇಲ್ಲಿ.”

ಗದಿಗೆಪ್ಪ ಒಂದನ್ನು ಮುಟ್ಟಿ ಸರಕ್ಕನೆ ಕೈ ತೆಗೆದ. ಇನ್ನೊಂದರ ಮೇಲೆ ಕೈ ಸ್ವಲ್ಪ ಹೊತ್ತು ನಿಂತಿತು.

“ಚರಂಡೀದು ಅದರಕಿಂತ ತಣ್ಣಗೈತಿ.”

“ಹೌದಲ್ಲ. ಎರಡೂ ಈ ತುದಿಗೆ ಒಳಗ ಮಗ್ಗಲಕ ಮಗ್ಗಲ ಇರ್ತಾವ. ಹೊಸ ನೀರು ನೂರಾ ನಲವತ್ತೆಂಟು, ಹೊಂಟ ಕೊಳೆನೀರು ನೂರಾ ಮೂವತ್ತನಾಕು. ಬಿಸಿ ಯಾವ ಕಡೆ ಹರೀಬೇಕು ಮಾಮಾ?”

ಗದಿಗೆಪ್ಪನ ಮುಖ ಸಣ್ಣಗಾಯಿತು. “ಇದರಿಂದ ಅದಕ್ಕ.”

“ಕೊಳೆನೀರು ಹೋಗೂಮುಂದ ಕೊಟ್ಟದ್ದನ್ನ ಬರೂಮುಂದ ಇಸಗೊಂಡು ಹೋಗ್ತದ. ಕೊಳವೆ ಹೆಚ್ಚ ಹಾಕಿದ್ರ ಕೊಡೂ ಕೈನೂ ಹೆಚ್ಚ, ಇಸಗೊಳ್ಳೂ ಕೈನೂ ಹೆಚ್ಚ.”

ಗದಿಗೆಪ್ಪ ತಲೆಯಾಡಿಸಿದ. ಪುರಾಣದಲ್ಲಿ ಶಾಪದ ಪ್ರಸಂಗ ಬಂದಾಗ ಓದು ನಿಲ್ಲಿಸಿ ಹೀಗೇ ತಲೆಯಾಡಿಸುತ್ತಿದ್ದ. ಆಮೇಲೆ ಹೆಗಲ ಮೇಲಿನ ವಸ್ತ್ರ ತೆಗೆದು ಮುಖ ಒರೆಸಿಕೊಂಡ.

“ತಿಳೀತು. ನೀ ಸುಳ್ಳ ಹೇಳಾಂವಲ್ಲ. ಆದ್ರೂ ಒಂದ ಮಾತ ಕೇಳ್ತೀನಿ. ಕೊಳವೆ ಹಾಕಿದ್ರ ಬರ್ತದ ಅಂತ ಬರದು ಕೊಡು.”

“ಮಾಮಾ…”

“ಬರೂದಿಲ್ಲ ಅಂತ ನನಗೂ ತಿಳೀತಲ್ಲೋ. ಬರಲಿ ಅಂತ ಕೇಳವಲ್ಲೆ. ಕೊಳವೆ ತರೂದು, ಕೂಡಸೂದು, ನೋಡೂದು… ಮಳಿಗಾಲ ಮುಗೀತದ. ಅಲ್ಲೀತನಕ ಗೇಟಿನ ಒಳಗ ಇರ್ತೀವಿ. ಒಳಗ ಇದ್ದಾವ್ರನ್ನ ಹೊರಗ ಹಾಕೂದು ಅವರಿಗೂ ಅಷ್ಟ ಸರಳಲ್ಲ. ನಿಮ್ಮಕ್ಕನ ಮುಂದ ನಾ ಏನ ಹೇಳ್ಲಿ? ಸೋಮವಾರ ಬರೂ ಮಂದೀಗೆ ಏನ ಹೇಳ್ಲಿ?”

ಶಿವಪುತ್ರಪ್ಪ ಕಾಗದ ಮಡಿಸಿ ಹಿಡಿದುಕೊಂಡಿದ್ದ. ಈರಣ್ಣನವರಿಗೂ ಅದೇ ಸಾಲು ಬೇಕು, ಸದಾನಂದರೂ ಅವನು ಅದನ್ನೇ ಬರೆಯಲಿ ಎಂದು ಎದ್ದುಹೋಗಿದ್ದರು, ಮಾಮನಿಗೂ ಅದೇ ಬೇಕು. ಬೇಡವೆಂದದ್ದು ನಕ್ಷೆಯ ಆ ಬಿಳಿ ಜಾಗ ಮಾತ್ರ, ಗೆರೆಗಳು ಬಿದ್ದುಹೋದ ಆಚೆ. ಮಳೆಗಾಲ ಮುಗಿದ ಮೇಲೆ ಒಂದು ದಿನ ಇದೇ ಗದಿಗೆಪ್ಪ ಇಲ್ಲೇ ಕುಕ್ಕರಗಾಲಿನಲ್ಲಿ ಕುಳಿತು, ಪಾದರಸ ನೂರಾ ಐವತ್ತರ ಕೆಳಗೆ ನಿಂತದ್ದನ್ನು ಮತ್ತೆ ನೋಡುತ್ತಾನೆ. ಅವತ್ತು ಅವನ ಹಿಂದೆ ಇಡೀ ಖಾತೆಯ ಮಂದಿ ನಿಂತಿರುತ್ತಾರೆ, ಅದೂ ಶಿವಪುತ್ರಪ್ಪ ಬರೆದುಕೊಟ್ಟ ಮಾತನ್ನು ನಂಬಿ.

“ಬರಿ ತಮ್ಮಾ,” ಎಂದು ಗದಿಗೆಪ್ಪ ಕೈ ಮುಗಿದ. ಎಂದೂ ಯಾರ ಮುಂದೂ ಹಾಗೆ ಕೈ ಮುಗಿದವನಲ್ಲ. “ಒಂದ ಸಾಲು.”

ಶಿವಪುತ್ರಪ್ಪ ಆ ಕೈಗಳನ್ನು ಹಿಡಿದು ಕೆಳಗಿಳಿಸಿದ. ಒಂದು ಅಂಗೈ ಇನ್ನೂ ಬಿಸಿಯಾಗಿತ್ತು.

“ಬರಿಯೂದಿಲ್ಲ, ಮಾಮಾ.”