ಏಳಕ್ಕೆ ಏಳೂ ಸರಿ

ವಿಜ್ಞಾನದ ಟೀಚರು ಮೊದಲ ಸಲ ವಾರ್ಷಿಕ ಪರೀಕ್ಷೆಗೆ ಪ್ರಶ್ನೆ ತೆಗೆದಿದ್ದರು. ಎಡವಟ್ಟಾದರೆ ಈ ಕೆಲಸ ಇನ್ನೆಂದೂ ಸಿಗದು. ಹಾಗಾಗಿ ಹೋದ ವರ್ಷ ಪಾಸಾದ ಏಳು ಮಕ್ಕಳನ್ನು ಪ್ರಯೋಗಾಲಯದಲ್ಲಿ ಕೂರಿಸಿ ಅದನ್ನು ಬರೆಸಿ ನೋಡಿದರು.

‘ಗಿಡ ಬೆಳೆಯಲು ಏನು ಬೇಕು?’ ಎಂಬ ಸುಲಭದ ಪ್ರಶ್ನೆಗೆ ಏಳು ಥರದ ಉತ್ತರ. ಒಬ್ಬ ‘ತಾಳ್ಮೆ’ ಎಂದು ಬರೆದಿದ್ದ.

“ತಾಳ್ಮೆಗೆ ಎಷ್ಟು ಮಾರ್ಕ್ಸ್ ಕೊಡ್ಲೋ?”

“ಎಷ್ಟು ಅಂಶ ಬರೀಬೇಕು, ಎಂಥದ್ದು ಬರೀಬೇಕು ಅಂತ ನೀವೇ ಹೇಳಿಲ್ವಲ್ಲ ಟೀಚರ್!”

ನಗುತ್ತಲೇ ಪ್ರಶ್ನೆ ತಿದ್ದಿಕೊಂಡರು. ಆದರೆ ಅತಿ ಕಷ್ಟದ್ದು, ಕಿವಿಯ ಒಳಭಾಗಗಳದ್ದು, ಏಳಕ್ಕೆ ಏಳೂ ಸರಿ!

“ಇದು ಹೇಗ್ರೋ ಬಂತು?”

ಎಲ್ಲರೂ ಕಿಸಕ್ಕೆಂದರು. “ಸ್ವಲ್ಪ ಹಿಂದೆ ತಿರುಗಿ ಟೀಚರ್,” ಎಂದಳು ಹುಡುಗಿಯೊಬ್ಬಳು.

ಗೋಡೆಯ ಮೇಲೆ ಆಳೆತ್ತರದ ಕಿವಿಯ ಚಿತ್ರ, ಹೆಸರುಗಳ ಸಮೇತ!

ಹೊಟ್ಟೆ ಹಿಡಿದು ನಕ್ಕ ಟೀಚರು, ಬೇರೆ ಏಳು ಮಕ್ಕಳನ್ನೂ ಬೋಳು ಗೋಡೆಯ ಕೋಣೆಯನ್ನೂ ಹುಡುಕುತ್ತ ಓಡಿದರು.