ನವಣೆ ಪ್ಯಾಕೆಟ್ಟಿನ ಮೇಲಿನ ಒಂದು ಸಾಲು

ಜೆ.ಪಿ. ನಗರದ ಆ ಸಣ್ಣ ಸಾವಯವ ಅಂಗಡಿಯಲ್ಲಿ ಪ್ಯಾಕೆಟ್ಟುಗಳ ಮೇಲಿನ ಬರಹವೆಲ್ಲ ಅನ್ನಪೂರ್ಣಳದೇ. ಹುನಗುಂದದ ಕಡೆಯವಳು, ಬಿಟಿಎಂನಲ್ಲಿ ಬಾಡಿಗೆಗಿದ್ದಳು. ಎರಡು ಸಾವಿರದ ಐದರ ಡಿಸೆಂಬರಿನಲ್ಲಿ ಅವಳೂರ ಕಡೆಯ ನವಣೆ ಬಂದಾಗ ಮಾಲೀಕ ಗೌರೀಶಂಕರ, “ಊರು, ತಾರೀಖು ಎಲ್ಲಾ ಯಾರಮ್ಮ ಓದ್ತಾರೆ? ಶುಗರ್‌ಗೆ ಒಳ್ಳೇದು ಅಂತ ಒಂದು ಸಾಲು ಜೋರಾಗಿ ಹಾಕು,” ಅಂದ.

ಯಾವುದೋ ವಾರಪತ್ರಿಕೆಯಲ್ಲಿ ಓದಿದ್ದು ನೆನಪಾಗಿ ಅವಳು ಬರೆದಳು: ‘ಸಕ್ಕರೆ ಕಾಯಿಲೆಯನ್ನು ಬುಡಸಮೇತ ಕಿತ್ತುಹಾಕುತ್ತದೆ.’ ಕೈ ಒಂದು ಗಳಿಗೆ ತಡೆಯಿತು. ಆದರೂ ಅಚ್ಚಿಗೆ ಕೊಟ್ಟಳು. ಏಳನೇ ಬ್ಯಾಚಿನ ಅರವತ್ತು ಪ್ಯಾಕೆಟ್ಟಿನ ಮೇಲೂ ಆ ಸಾಲು ಅಂಟಿತು.

ಹದಿನೈದು ದಿನದ ಮೇಲೆ ತಿಮ್ಮರಾಯಪ್ಪನವರು ಬಂದರು. ಸಾರಕ್ಕಿಯ ಹಳಬರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲೀಗ ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದರು.

“ಇನ್ನೂ ನಾಕು ಪ್ಯಾಕೆಟ್ ಕೊಡಮ್ಮ. ಮಾತ್ರೆ ಬಿಟ್ಟು ಹತ್ತು ದಿನ ಆಯ್ತು. ನಂಗಿನ್ನು ಇದೇ ಸಾಕು.”

“ಮಾತ್ರಿ ಬಿಟ್ಟೀರೇನ್ರಿ ಅಜ್ಜಾರ? ಯಾರು ಹೇಳಿದ್ರು?”

ಅವರು ಪ್ಯಾಕೆಟ್ಟಿನ ಮೇಲೆ ಬೆರಳಿಟ್ಟರು. “ಇಲ್ಲೇ ಬರ್ದೈತಲ್ಲಮ್ಮ.”

ಮಾತ್ರೆ ಬಿಡಬೇಡಿ ಎಂದು ಅನ್ನಪೂರ್ಣ ಹೇಳಬೇಕು ಅನ್ನುವಷ್ಟರಲ್ಲಿ ಫೋನು ರಿಂಗಾಯಿತು, ಗೌರೀಶಂಕರ ಕರೆದ, ಮುದುಕರು ಚೀಲ ಹಿಡಿದು ಆಟೋ ಹತ್ತಿಯಾಗಿತ್ತು. ಅವರೇ ಡಾಕ್ಟರನ್ನು ಕೇಳಿರುತ್ತಾರೆ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಮರುದಿನವೂ ಅದೇ. ಅಂಗಡಿಗೆ ಬಿಳಿ ಪಂಚೆಯವರು ಯಾರು ಬಂದರೂ ತಿಮ್ಮರಾಯಪ್ಪನವರೇ ಇರಬಹುದೆಂದು ಎದ್ದು ನೋಡುತ್ತಿದ್ದಳು. ಮೂರನೇ ದಿನ ಬೆಳಿಗ್ಗೆ ತಡೆಯಲಾಗದೆ ಬಿಲ್ ಪುಸ್ತಕದಲ್ಲಿ ವಿಳಾಸ ಹುಡುಕಿಕೊಂಡು ಸಾರಕ್ಕಿಗೆ ಹೋದಳು.

ಬಾಗಿಲು ತೆರೆದದ್ದು ಅವರ ಹೆಂಡತಿ ಲಕ್ಷ್ಮಮ್ಮ. ನವಣೆ ಅಂಗಡಿಯವಳೆಂದು ಹೇಳಿ ಅನ್ನಪೂರ್ಣ ಅಜ್ಜನವರು ಹೇಗಿದ್ದಾರೆಂದು ಕೇಳಿದಳು. “ನಿನ್ನೆಯಿಂದ ಬರೀ ನೀರು ನೀರು ಅಂತಾರಮ್ಮ. ಈಗ ತಲೆ ಸುತ್ತಿ ಕೂತವ್ರೆ. ಬಿಸಿಲಿಗೆ ಅಂತಾರೆ. ಡಿಸೆಂಬರ್‌ನಾಗೆ ಯಾವ ಬಿಸಿಲು?”

“ಅಮ್ಮಾರ, ಬಿಸಿಲಲ್ರಿ. ಅವರು ಶುಗರ್ ಮಾತ್ರಿ ಬಿಟ್ಟಾರ್ರಿ. ಪ್ಯಾಕೆಟ್ಟಿನ ಮ್ಯಾಲೆ ನಾ ಬರೆದದ್ದು ನಂಬಿ ಬಿಟ್ಟಾರ.”

ಲಕ್ಷ್ಮಮ್ಮ ಅವಳ ಮುಖವನ್ನೇ ನೋಡಿದರು. ಬೈಯಲಿಲ್ಲ. ಒಳಗೋಡಿ ಸೆರಗು ಸರಿಮಾಡಿಕೊಂಡು ಬಂದರು. ಇಬ್ಬರೂ ಸೇರಿ ಮುದುಕರನ್ನು ಆಟೋದಲ್ಲಿ ಹತ್ತಿರದ ನರ್ಸಿಂಗ್ ಹೋಮಿಗೆ ಕರೆದೊಯ್ದರು. ಸಾರಕ್ಕಿ ಸಿಗ್ನಲ್ಲಿನಲ್ಲಿ ನಿಂತ ಹೊತ್ತಿನಲ್ಲಿ ಅನ್ನಪೂರ್ಣ ಎಷ್ಟು ಸಲ ದೇವರ ಹೆಸರು ಹೇಳಿದಳೋ.

ಶುಗರ್ ನಾನೂರರ ಹತ್ತಿರವಿತ್ತು. ಡ್ರಿಪ್ಸ್ ಹಾಕಿದರು. ಲಕ್ಷ್ಮಮ್ಮ ತಂದಿದ್ದ ಖಾಲಿ ಪ್ಯಾಕೆಟ್ಟನ್ನು ಡಾಕ್ಟರ್ ಓದಿ, “ಯಾರು ಬರೆದಿದ್ದು ಇದನ್ನ?” ಅಂದರು.

“ನಾನ್ರಿ ಸರ್.”

“ನವಣೆ ತಿನ್ನಲಿ, ಬೇಡ ಅನ್ನಲ್ಲ. ಅದೂ ಅಳತೆ ನೋಡ್ಕೊಂಡು. ಆದ್ರೆ ಊಟ ಬೇರೆ, ಮಾತ್ರೆ ಬೇರೆ. ಇನ್ನೆರಡು ದಿನ ಬಿಟ್ಟು ಬಂದಿದ್ರೆ ಕಷ್ಟ ಇತ್ತು.”

ಹಾಸಿಗೆಯಲ್ಲಿದ್ದ ತಿಮ್ಮರಾಯಪ್ಪನವರು ಗೋಡೆ ಕಡೆ ತಿರುಗಿ, “ಅರವತ್ತು ವರ್ಷ ಮಣ್ಣಲ್ಲಿ ಬಾಳ್ದೋನು ನಾನು. ಅಚ್ಚಾಗಿರೋದು ಸುಳ್ಳಿರಲ್ಲ ಅನ್ಕೊಂಡೆ,” ಅಂದರು. ಅವರು ಬೈದಿದ್ದರೇ ಚೆನ್ನಾಗಿತ್ತು ಅನಿಸಿತು ಅವಳಿಗೆ.

ಅಂಗಡಿಗೆ ಬಂದವಳೇ ಉಳಿದ ಪ್ಯಾಕೆಟ್ಟುಗಳನ್ನು ಕಪಾಟಿನಿಂದ ಇಳಿಸಿದಳು. ಗೌರೀಶಂಕರ ರೇಗಿದ. “ಬರೀ ನವಣೆ ಅಂದ್ರೆ ಯಾರು ತಗೋತಾರೆ?”

“ಡಾಕ್ಟರ್ ಪ್ಯಾಕೆಟ್ ಇಟ್ಕೊಂಡಾರ್ರಿ ಸರ್. ಅದರ ಮ್ಯಾಲೆ ನಿಮ್ಮ ಅಂಗಡಿ ಹೆಸರೈತಿ.”

ಅವನು ಬಿಲ್ ಪುಸ್ತಕ ತೆಗೆದು ಅವಳ ಮುಂದಿಟ್ಟ. ಬಿಲ್ ಬರೆಯುವಾಗ ಗಿರಾಕಿಯ ವಿಳಾಸ, ಕೊಟ್ಟರೆ ಫೋನ್ ನಂಬರು, ಜೊತೆಗೆ ಬ್ಯಾಚ್ ಸಂಖ್ಯೆಯನ್ನೂ ಬರೆಯುವ ಅಭ್ಯಾಸವಿದ್ದದ್ದು ಒಳ್ಳೆಯದಾಯಿತು. ಏಳನೇ ಬ್ಯಾಚ್ ಕೊಂಡವರಲ್ಲಿ ನಂಬರು ಸಿಕ್ಕ ಇಪ್ಪತ್ತೊಂದು ಮನೆಗೆ, ಆ ಸಾಲು ಸುಳ್ಳು ಎಂದು ಹೇಳಲು ಫೋನ್ ಮಾಡಿದಳು. ಉಳಿದವರಿಗಾಗಿ ಬಾಗಿಲಿಗೆ ಚೀಟಿ ಅಂಟಿಸಿದಳು. ಕೆಲವರು ನಕ್ಕರು. ಶ್ರೀನಗರದ ಮೀನಾಕ್ಷಮ್ಮ ತಾವೂ ಒಂದು ಮಾತ್ರೆ ಕಮ್ಮಿ ಮಾಡಿದ್ದಾಗಿ ಮೆಲ್ಲಗೆ ಒಪ್ಪಿಕೊಂಡರು. ಅರೆಕೆರೆಯ ಸಂಜೀವಯ್ಯ ಮಾತ್ರ ಎತ್ತಲೇ ಇಲ್ಲ.

ಆ ಮಧ್ಯಾಹ್ನ ಪ್ಯಾಕೆಟ್ಟಿಗೆ ಹೊಸ ಚೀಟಿ ಬರೆದಳು. ‘ನವಣೆ ಅಕ್ಕಿ. ಬೆಳೆದದ್ದು: ಹುನಗುಂದ ತಾಲ್ಲೂಕು, ಈ ವರ್ಷದ ಮುಂಗಾರು ಬೆಳೆ. ಬ್ಯಾಚ್ 8. ಸಿಪ್ಪೆ ತೆಗೆದದ್ದು: ಡಿಸೆಂಬರ್ 20. ತೇವ ತಾಗದಂತೆ, ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ. ಎರಡು ತಿಂಗಳೊಳಗೆ ಬಳಸಿ; ಕಮಟು ವಾಸನೆ ಬಂದರೆ ಬಳಸಬೇಡಿ. ಅನ್ನ, ಉಪ್ಪಿಟ್ಟಿಗೆ ಚೆನ್ನಾಗಿರುತ್ತದೆ. ಇದು ಆಹಾರ, ಔಷಧಿಯಲ್ಲ. ಡಾಕ್ಟರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.’

ನಾಲ್ಕು ದಿನಕ್ಕೆ ತಿಮ್ಮರಾಯಪ್ಪನವರು ನರ್ಸಿಂಗ್ ಹೋಮಿನಿಂದ ಮನೆಗೆ ಬಂದರು. ಸಂಜೀವಯ್ಯನವರಿಗೆ ಮಾಡಿದ ಫೋನು ಮಾತ್ರ ಇನ್ನೂ ಸುಮ್ಮನೆ ರಿಂಗಾಗುತ್ತಲೇ ಇತ್ತು. ಐದನೇ ದಿನ ಅನ್ನಪೂರ್ಣ ಅರೆಕೆರೆಗೇ ಹೋದಳು. ಬಾಗಿಲಿಗೆ ಬೀಗ. ಆಸ್ಪತ್ರೆಗೇನಾದರೂ ಹೋಗಿರಬಹುದೇ ಎಂದು ಪಕ್ಕದ ಮನೆಯ ಬಾಗಿಲು ತಟ್ಟಿದಳು.

“ಅವ್ರಾ? ಮಗಳ ಮನೆಗೆ ಹೋಗವ್ರೆ, ಇವತ್ತೇ ಬರ್ತಾರೆ,” ಅಂದಳು ಪಕ್ಕದ ಮನೆಯಾಕೆ.

ಅನ್ನಪೂರ್ಣ ಮೆಟ್ಟಿಲ ಮೇಲೆ ಕೂತಳು. ಸಂಜೆ ಐದಕ್ಕೆ ಸಂಜೀವಯ್ಯ ಚೀಲ ಹಿಡಿದು ಬಂದರು, ಆರೋಗ್ಯವಾಗಿಯೇ. ಅವಳು ಎದ್ದು ನಿಂತು ಮೊದಲಿನಿಂದ ಹೇಳತೊಡಗಿದಳು.