ಬೀಗ ಹಾಕಿದ ಮನೆಯ ಯೂನಿಟ್ಟುಗಳು

“ಮನೆಗೆ ಬೀಗ ಹಾಕಿ ಎರಡು ತಿಂಗಳಾಯ್ತು. ಈ ತೊಂಬತ್ತು ಯೂನಿಟ್ ಯಾರಮ್ಮ ಉರಿಸಿದ್ದು, ಹಲ್ಲಿಗಳಾ?” ಮೊಬೈಲ್ ಹಿಡಿದು ಶೂಟ್ ಮಾಡುತ್ತಿದ್ದ ಭಾವ ಕೇಳಿದರು.

ಮೊದಲ ಸಲ ಬಾಡಿಗೆಮನೆ ಹಿಡಿದವರಿಗೆ ಕರೆಂಟ್ ಬಿಲ್ ಓದುವುದನ್ನು ಹೇಳಿಕೊಡಲು ನಾದಿನಿ ಮಾಡುತ್ತಿದ್ದ ಪುಟ್ಟ ವಿಡಿಯೊ ಅದು. ಮಾದರಿಗೆಂದು ಅಕ್ಕನ ಮನೆಯ ಬಿಲ್ಲನ್ನೇ ಎತ್ತಿಕೊಂಡದ್ದಕ್ಕೆ ಅವಳು ತನ್ನನ್ನೇ ಬೈದುಕೊಂಡಳು. ಅಕ್ಕ ತೀರಿಕೊಂಡ ಮೇಲೆ ಭಾವ ಆ ಬಾಗಿಲು ತೆಗೆದಿರಲಿಲ್ಲ. ಇವಳ ಮನೆಯಲ್ಲೇ ಉಳಿದಿದ್ದರು.

“ಈಗಿನ ರೀಡಿಂಗಲ್ಲಿ ಹಿಂದಿನದನ್ನ ಕಳೆದ್ರೆ ಯೂನಿಟ್ ಸಿಗುತ್ತೆ, ಭಾವ. ಆದ್ರೆ ಮೀಟರ್ ಮನೆಯೊಳಗಿದೆ, ನೋಡೋಕಾಗಿಲ್ಲ. ಇಲ್ಲಿ ‘ಡೋರ್ ಲಾಕ್’ ಅಂತಿದೆ ನೋಡಿ. ಅದಕ್ಕೇ ಹಿಂದಿನ ತಿಂಗಳುಗಳ ಸರಾಸರಿ ಹಾಕಿದಾರೆ. ಬಾಗಿಲು ತೆಗೆದು ಮೀಟರ್ ತೋರಿಸಿದ್ರೆ ಸರಿಮಾಡ್ತಾರೆ.”

“ಅಂದ್ರೆ ಅವರ ಲೆಕ್ಕದಲ್ಲಿ ನಿಮ್ಮಕ್ಕ ಇನ್ನೂ ಅಲ್ಲೇ ಇದಾಳೆ. ಫ್ಯಾನ್ ಹಾಕ್ಕೊಂಡು, ಮಿಕ್ಸಿ ತಿರುಗಿಸ್ಕೊಂಡು.” ಭಾವ ನಗಲು ಹೋಗಿ, ಮೊಬೈಲ್ ಕೆಳಗಿಳಿಸಿದರು. “ಸರಿಮಾಡಿಸೋದು ಬೇಡ ಬಿಡಮ್ಮ. ಬಿಲ್ಲಲ್ಲಾದ್ರೂ ಇರ್ಲಿ.”

“ಅವಳೇ ಇದ್ದಿದ್ರೆ ತಪ್ಪು ಬಿಲ್ ಬಂತು ಅಂತ ಆಫೀಸಿನೋರ ಜನ್ಮ ಜಾಲಾಡ್ತಿದ್ಲು, ಭಾವ,” ಎಂದಳು ನಾದಿನಿ, ಕಣ್ಣೊರೆಸಿಕೊಳ್ಳುತ್ತ. “ಬನ್ನಿ, ನಾನೂ ಬರ್ತೀನಿ.”

ಸಂಜೆ ಬಾಗಿಲು ತೆಗೆದಾಗ ಒಳಗಿನ ಗಾಳಿ ಮುಗ್ಗಿತ್ತು. ಭಾವ ಹೊಸ್ತಿಲಲ್ಲಿ ತುಸು ನಿಂತರು. ಆಮೇಲೆ ಒಳಗೆ ಹೋಗಿ, ಮೀಟರಿನ ಗಾಜಿನ ಮೇಲಿದ್ದ ಧೂಳನ್ನು ಅಂಗಿಯ ತೋಳಿನಿಂದ ಮೆಲ್ಲಗೆ ಒರೆಸಿದರು.